ಇನ್ನೂರು ತೆಂಗಿನಕಾಯಿ ಮತ್ತು ಹರಿ ರಾಯದ ಮಾಫಿ

— ನಿನ್ನ ಮಲೇಷ್ಯಾದ ಸ್ನೇಹಿತರು ಕಳಿಸಿದ ಹಬ್ಬದ ಶುಭಾಶಯ ತೋರಿಸಿದೆಯಲ್ಲ, ಅದರಲ್ಲಿ ಒಂದು ಸಂಗತಿ ನನಗೆ ಬಗೆಹರಿಯಲಿಲ್ಲ. ‘ಸೆಲಾಮತ್ ಹರಿ ರಾಯಾ’ ಅಂದರೆ ಹಬ್ಬದ ಶುಭಾಶಯ, ಅದು ಸರಿ. ಅದರ ಬೆನ್ನಿಗೇ ಒಬ್ಬರಾದ ಮೇಲೆ ಒಬ್ಬರು ಕ್ಷಮೆ ಕೇಳಿದ್ದಾರೆ. ಎಂತಕ್ಕೆ ಮಾರಾಯ?

— ಅದು ಅಲ್ಲಿಯ ಪದ್ಧತಿ ಮಾಷ್ಟ್ರೇ. ‘ಮಾಆಫ್ ಝಾಹಿರ್ ದಾನ್ ಬಾತಿನ್’ ಎನ್ನುತ್ತಾರೆ. ಹೊರಗೆ ಕಾಣುವಂತೆ ಮಾಡಿದ ತಪ್ಪು, ಮನಸ್ಸಿನೊಳಗೆ ಮಾಡಿದ ತಪ್ಪು, ಎರಡನ್ನೂ ಕ್ಷಮಿಸಿ ಎಂದು ಅರ್ಥ. ಹಬ್ಬದ ಕಾರ್ಡಿನಲ್ಲಿ ಅದು ಅಚ್ಚಾಗಿಯೇ ಬರುತ್ತದೆ. ಅಂಗಡಿಯ ಬ್ಯಾನರಿನಲ್ಲೂ ಇರುತ್ತದೆ, ಮಂತ್ರಿಗಳ ಸಂದೇಶದಲ್ಲೂ ಇರುತ್ತದೆ. ಇಂಡೋನೇಷ್ಯಾದಲ್ಲೂ ಸ್ವಲ್ಪ ಬೇರೆ ಮಾತಿನಲ್ಲಿ ಇದೇ ಇದೆ.

— ಬ್ಯಾನರಿನಲ್ಲಿ ಅಚ್ಚು ಹಾಕಿಸಿ ಕೇಳಿದ ಕ್ಷಮೆಗೆ ಏನು ಬೆಲೆ?

— ಬ್ಯಾನರನ್ನು ಬಿಡಿ. ಹಬ್ಬದ ಬೆಳಿಗ್ಗೆ ಒಂದು ಮನೆಯೊಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಹೇಳಿ. ಕ್ಲಾಂಗಿನಲ್ಲಿ ನಾನು ಬಾಡಿಗೆಗೆ ಇದ್ದದ್ದು ಒಂದು ಮಲಯ್ ಕುಟುಂಬದ ಮನೆಯಲ್ಲಿ, ಹಿಂಬದಿಯ ಕೋಣೆ. ಉಪವಾಸದ 29ನೆಯ ರಾತ್ರಿ ಎಲ್ಲರೂ ಟಿ.ವಿ. ಎದುರು ಕೂರುತ್ತಾರೆ. ಅಲ್ಲಿನ ಅರಸರ ಮೊಹರಿಗೆ ಒಬ್ಬ ಅಧಿಕಾರಿ ಇದ್ದಾರೆ, ಅವರು ಬಂದು ನಾಳೆ ಹಬ್ಬವೋ ನಾಡಿದ್ದೋ ಎಂದು ಸಾರುತ್ತಾರೆ. ನಮ್ಮಲ್ಲಿ ಖಾಝಿಯವರ ಮಾತಿಗೆ ಕಾಯುತ್ತೇವಲ್ಲ, ಹಾಗೆ. ಅಷ್ಟರೊಳಗೆ ಊರಿಗೆ ಬರಬೇಕಾದ ಮಕ್ಕಳೆಲ್ಲ ಬಂದು ಸೇರಿರುತ್ತಾರೆ. ತೆಂಗಿನ ಗರಿ ಹೆಣೆದು ಅದರೊಳಗೆ ಅಕ್ಕಿ ತುಂಬಿ ಬೇಯಿಸಿದ ಕೆತುಪಾತ್ ಒಲೆಯ ಮೇಲೆ ಇರುತ್ತದೆ. ನಮ್ಮ ಮೂಡೆ ಇದೆಯಲ್ಲ, ಅದರ ದಾಯಾದಿ ಅಂತಲೇ ಇಟ್ಟುಕೊಳ್ಳಿ.

ಬೆಳಿಗ್ಗೆ ಮಸೀದಿಗೆ ಹೋಗಿ ನಮಾಜು ಮುಗಿಸಿ ಬರುತ್ತಾರೆ. ಕೆಲವರು ದಾರಿಯಲ್ಲೇ ಹಿರಿಯರ ಗೋರಿಗೂ ಹೋಗಿ ಬರುತ್ತಾರೆ. ಮನೆಗೆ ಬಂದವರು ನೇರ ಊಟಕ್ಕೆ ಕೂರುವುದಿಲ್ಲ. ಮನೆಯ ಹಿರಿಯರು ಸೋಫಾದ ಮೇಲೆ ಕೂರುತ್ತಾರೆ. ಮೊದಲು ಹೆಂಡತಿ ಗಂಡನ ಎದುರು, ಆಮೇಲೆ ದೊಡ್ಡ ಮಗ, ಅವನ ಹೆಂಡತಿ, ಹೀಗೆ ವಯಸ್ಸಿನ ಪ್ರಕಾರ ಒಬ್ಬೊಬ್ಬರೇ ನೆಲಕ್ಕೆ ಮಂಡಿಯೂರಿ, ಹಿರಿಯರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಮುತ್ತಿಟ್ಟು ಕ್ಷಮೆ ಕೇಳುತ್ತಾರೆ. ಮಗ ಕೇಳಿದ ಮೇಲೆ ತಾಯಿಯೂ ಅವನಲ್ಲಿ ಕೇಳುತ್ತಾಳೆ. ‘ಅಮ್ಮನೂ ಕೇಳುತ್ತೇನಪ್ಪ, ಬೈದದ್ದು ಹೊಡೆದದ್ದು ಎಲ್ಲ ಮರೆತುಬಿಡು’ ಎಂದು. ಎಪ್ಪತ್ತು ದಾಟಿದ ಹೆಂಗಸು ನಲವತ್ತು ವರ್ಷದ ಮಗನ ತಲೆ ಹಿಡಿದು ಹಾಗೆ ಹೇಳುವಾಗ ಇಬ್ಬರೂ ಅಳುತ್ತಾರೆ. ಆ ಮನೆಯಲ್ಲಿ ಪ್ರತಿ ವರ್ಷ ಅದನ್ನು ಕಂಡಿದ್ದೇನೆ. ಅದೆಲ್ಲ ಮುಗಿದ ಮೇಲೆಯೇ ಮಕ್ಕಳಿಗೆ ಹಸಿರು ಲಕೋಟೆಯಲ್ಲಿ ದುಡ್ಡು, ಆಮೇಲೆ ಊಟ.

— ತಾಯಿಯೂ ಕೇಳುತ್ತಾಳೆ ಅಂದೆಯಲ್ಲ, ಅದು ದೊಡ್ಡ ಮಾತು. ನಮ್ಮಲ್ಲಿ ಹಿರಿಯರ ಕಾಲಿಗೆ ಬೀಳುತ್ತೇವೆ, ಅವರು ಹರಸುತ್ತಾರೆ. ಆದರೆ ಹಿರಿಯರು ಕಿರಿಯರಲ್ಲಿ ತಪ್ಪಾಯಿತು ಅಂದದ್ದನ್ನು ನಾನು ನನ್ನ ಮನೆಯಲ್ಲಿ ಕಂಡದ್ದಿಲ್ಲ.

— ಇನ್ನೊಂದು ಮಾತನ್ನೂ ಅದರ ಜೊತೆಗೆ ಸೇರಿಸುತ್ತಾರೆ ಮಾಷ್ಟ್ರೇ. ‘ತಿಂದದ್ದು ಕುಡಿದದ್ದನ್ನು ಹಲಾಲ್ ಮಾಡಿಕೊಡಿ’ ಎಂದು. ನಿಮ್ಮ ಮನೆಯಲ್ಲಿ ನಾನು ಉಂಡದ್ದರಲ್ಲಿ, ಕುಡಿದದ್ದರಲ್ಲಿ, ನಿಮ್ಮ ಒಪ್ಪಿಗೆ ಇಲ್ಲದ್ದು ಏನಾದರೂ ಇದ್ದರೆ ಈಗ ಒಪ್ಪಿಗೆ ಕೊಡಿ ಎಂದು ಅದರ ಅರ್ಥ. ಕೆಲಸ ಬಿಟ್ಟು ಹೋಗುವವರೂ ಕೊನೆಯ ದಿನ ಸಹೋದ್ಯೋಗಿಗಳಿಗೆ ಇದನ್ನೇ ಹೇಳಿ ಹೋಗುತ್ತಾರೆ. ನಾನು ಆ ಕೋಣೆ ಬಿಟ್ಟು ಬರುವಾಗ ಮನೆಯೊಡತಿಗೆ ಹೇಳಿ ಬಂದೆ.

— ಇದು ನನಗೆ ಹಿಡಿಸಿತು. ಆದರೆ ಆಗಿನ ಪ್ರಶ್ನೆ ಹಾಗೇ ಉಳಿಯಿತು. ‘ಎಲ್ಲ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಒಟ್ಟಾರೆ ಕೇಳುವುದು ಸುಲಭ. ಯಾವ ತಪ್ಪು ಅಂತ ಹೇಳಬೇಕಾಗಿಲ್ಲ. ಕೇಳಿಸಿಕೊಂಡವನಿಗೂ ಯಾವುದನ್ನು ಕ್ಷಮಿಸಿದೆ ಅಂತ ಗೊತ್ತಿಲ್ಲ. ಮಂಡಿಯೂರಿದರೆ ಸಾಕಾಗುತ್ತದಾ?

— ಅಲ್ಲಿನ ಧರ್ಮಗುರುಗಳೂ ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ಮಲಯ್ ಜನ ಕೈಕೊಟ್ಟು ‘ಕೊಸೊಂಗ್ ಕೊಸೊಂಗ್’ ಎನ್ನುತ್ತಾರೆ, ಸೊನ್ನೆ ಸೊನ್ನೆ ಎಂದು. ಆಟದ ಅಂಕದ ಹಾಗೆ ನಿನ್ನದೂ ಸೊನ್ನೆ ನನ್ನದೂ ಸೊನ್ನೆ, ಲೆಕ್ಕ ಚುಕ್ತಾ. ಗುರುಗಳು ಹೇಳುವುದು, ಬಾಯಲ್ಲಿ ಸೊನ್ನೆ ಅಂದ ಮಾತ್ರಕ್ಕೆ ಲೆಕ್ಕ ಸೊನ್ನೆ ಆಗುವುದಿಲ್ಲ ಎಂದು. ಹಬ್ಬದ ದಿನವೇ ಕ್ಷಮೆ ಕೇಳಬೇಕು ಎಂದು ಪ್ರವಾದಿಗಳ ಅಪ್ಪಣೆಯೂ ಇಲ್ಲ. ಅವರ ಸಂಗಡಿಗರು ಹಬ್ಬದ ದಿನ ‘ನಮ್ಮದನ್ನೂ ನಿಮ್ಮದನ್ನೂ ದೇವರು ಸ್ವೀಕರಿಸಲಿ’ ಎಂದು ಹರಸಿಕೊಳ್ಳುತ್ತಿದ್ದರು, ಅಷ್ಟೆ. ಕ್ಷಮೆ ಕೇಳುವುದು ಮಲಯ್ ಜನರ ಅದಾತ್, ಅಂದರೆ ಊರ ರೂಢಿ. ಒಳ್ಳೆಯ ರೂಢಿ ಎಂದು ಗುರುಗಳೂ ಒಪ್ಪುತ್ತಾರೆ. ಆದರೆ ಕ್ಷಮೆಯ ನಿಯಮ ಬೇರೆಯೇ ಇದೆ.

— ಏನು ನಿಯಮ?

— ದೇವರಿಗೆ ಮಾಡಿದ ತಪ್ಪಿಗೆ ಮೂರು ಶರತ್ತು. ಮಾಡುವುದನ್ನು ನಿಲ್ಲಿಸಬೇಕು, ಪಶ್ಚಾತ್ತಾಪ ಪಡಬೇಕು, ಇನ್ನು ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳಬೇಕು. ಮನುಷ್ಯನಿಗೆ ಮಾಡಿದ್ದಾದರೆ ನಾಲ್ಕನೆಯದೊಂದು ಸೇರುತ್ತದೆ. ಅವನ ಹಕ್ಕಿನಿಂದ ಬಿಡುಗಡೆ ಪಡೆಯಬೇಕು. ದುಡ್ಡು, ಮಾಲು ಆದರೆ ಹಿಂದಿರುಗಿಸಬೇಕು. ಇದನ್ನು ಹೀಗೆ ಬಿಡಿಸಿ ಬರೆದಿಟ್ಟವರು ಸಿರಿಯಾದ ಇಮಾಮ್ ನವವಿ. ಅವರು 1277ರಲ್ಲಿ ತೀರಿಕೊಂಡವರು. ಒಂದು ತಿಂಗಳು ಉಪವಾಸ ಮಾಡಿದರೆ ದೇವರ ಲೆಕ್ಕ ಹಗುರವಾಗಬಹುದು. ನೆರೆಮನೆಯವನ ಲೆಕ್ಕ ಅದರಲ್ಲಿ ಕಳೆಯುವುದಿಲ್ಲ. ಅದನ್ನು ಅವನೇ ಬಿಡಬೇಕು. ಹಾಗಾಗಿಯೇ ಉಪವಾಸ ಮುಗಿದ ಬೆಳಿಗ್ಗೆಯೇ ಮಲಯ್ ಜನ ನೆರೆಯವರ ಬಾಗಿಲಿಗೆ ಹೋಗುತ್ತಾರೆ ಎಂದು ನನ್ನ ತಿಳಿವಳಿಕೆ. ದೇವರ ಕಡೆಯದು ಮುಗಿಯಿತು, ಇನ್ನು ಮನುಷ್ಯರ ಕಡೆಯದು ಎಂದು.

— ನೀನಿದ್ದ ಮನೆಯಲ್ಲಿ ಈ ಶರತ್ತುಗಳು ನಡೆದದ್ದು ಕಂಡಿದ್ದೀಯಾ, ಅಥವಾ ಬರೀ ಪುಸ್ತಕದ ಮಾತಾ?

— ಒಂದು ಸಲ ಕಂಡೆ. ಆ ಮನೆಯ ಯಜಮಾನರಿಗೆ ಒಬ್ಬ ತಮ್ಮ. ಇಬ್ಬರ ಪಾಲಿನಲ್ಲಿ ಒಂದು ಹಳೆಯ ವ್ಯಾನ್ ಇತ್ತು. ತಮ್ಮ ಅದನ್ನು ಮಾರಿ, 6,000 ರಿಂಗಿಟ್ ಬಂತು ಎಂದು ಹೇಳಿ ಅಣ್ಣನಿಗೆ 3,000 ಕೊಟ್ಟಿದ್ದ. ನಿಜವಾಗಿ ಬಂದದ್ದು 8,000. ಅದಾದ ಮೇಲೆ ಎಷ್ಟೋ ಹಬ್ಬ ಬಂದು ಹೋದವು. ಪ್ರತಿ ಹಬ್ಬಕ್ಕೂ ತಮ್ಮ ಬಂದು ಮಂಡಿಯೂರಿ ಕ್ಷಮೆ ಕೇಳುತ್ತಿದ್ದ, ಅಣ್ಣ ‘ಸೊನ್ನೆ ಸೊನ್ನೆ’ ಎಂದು ಬೆನ್ನು ತಟ್ಟುತ್ತಿದ್ದ. ಒಂದು ರಂಜಾನಿನಲ್ಲಿ ಮಸೀದಿಯ ಪ್ರವಚನದಲ್ಲಿ ಇದೇ ವಿಷಯ ಬಂತು. ತಿಳಿಯದ ಸಾಲವನ್ನು ಬಿಟ್ಟುಕೊಟ್ಟೆ ಎಂದರೆ ಅದು ನಿಲ್ಲುವುದಿಲ್ಲ, ಬಿಡುವವನಿಗೆ ತಾನು ಬಿಡುತ್ತಿರುವುದು ಎಷ್ಟು ಎಂದು ಗೊತ್ತಿರಬೇಕು ಎಂದು. ಹಬ್ಬದ ಹಿಂದಿನ ರಾತ್ರಿ ತಮ್ಮ ಒಬ್ಬನೇ ಬಂದ. ಹೊರಗಿನ ಜಗಲಿಯಲ್ಲಿ ಅಣ್ಣನನ್ನು ಕೂರಿಸಿಕೊಂಡು, ಬಂದದ್ದು ಎಂಟು ಸಾವಿರ, ನಿನ್ನ ಒಂದು ಸಾವಿರ ನನ್ನ ಹತ್ತಿರ ಉಳಿದಿದೆ ಅಂದ.

— ಅಣ್ಣ ಸಿಟ್ಟು ಮಾಡಿದರಾ?

— ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ದುಡ್ಡಿನ ಮಾತಿಗಿಂತ, ಇಷ್ಟು ವರ್ಷ ತಾನು ಬೆನ್ನು ತಟ್ಟಿದ್ದು ನೋವಾಯಿತು ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಕೊನೆಗೆ, ಐದುನೂರು ಕೊಡು, ಉಳಿದ ಐದುನೂರು ನಾನು ಹಲಾಲ್ ಮಾಡಿದೆ ಅಂದರು. ಪೂರ್ತಿ ಬಿಡಬಹುದಿತ್ತು, ಅವರಿಗೇನು ಕೊರತೆ ಇರಲಿಲ್ಲ. ಆದರೆ ತಮ್ಮನ ಕೈಯಿಂದ ಒಂದಷ್ಟು ಹೊರಗೆ ಬರಲಿ ಎಂದು ಅವರ ಲೆಕ್ಕ. ನನಗೆ ಅದು ತುಂಬ ಸರಿ ಅನ್ನಿಸಿತು. ತಮ್ಮ ಅಲ್ಲೇ ಎಣಿಸಿ ಕೊಟ್ಟ.

— ಅಂದರೆ ಆ ಮುಂಚಿನ ಹಬ್ಬಗಳ ಕ್ಷಮೆಯೆಲ್ಲ ಸುಳ್ಳಾಯಿತು.

— ಹಾಗೆ ಹೇಳಲಾರೆ ಮಾಷ್ಟ್ರೇ. ಬೈದದ್ದು, ಮುಖ ತಿರುಗಿಸಿದ್ದು, ಮಾತು ಬಿಟ್ಟದ್ದು, ಅಂಥದ್ದಕ್ಕೆಲ್ಲ ಆ ಒಟ್ಟಾರೆ ಮಾತು ಸಾಕು. ಇಬ್ಬರಿಗೂ ಗೊತ್ತಿರುವ ತಪ್ಪನ್ನು ಮತ್ತೆ ಬಾಯಲ್ಲಿ ಹೇಳಿ ಗಾಯ ಕೆದಕುವುದು ಬೇಡ ಎಂದೇ ಆ ಮಾತನ್ನು ಹಾಗೆ ಕಟ್ಟಿದ್ದಾರೆ. ಕೇಳಿಸಿಕೊಳ್ಳುವವನಿಗೆ ಗೊತ್ತೇ ಇಲ್ಲದ ತಪ್ಪಿಗೆ ಮಾತ್ರ ಅದು ಸಾಲುವುದಿಲ್ಲ. ಇನ್ನೊಂದು, ಪ್ರತಿ ವರ್ಷ ಮಂಡಿಯೂರುವ ಅಭ್ಯಾಸ ಇಲ್ಲದೆ ಹೋಗಿದ್ದರೆ ಆ ತಮ್ಮ ಆ ರಾತ್ರಿ ಬರುತ್ತಿದ್ದನೇ ಎಂದು ನನಗೆ ಅನುಮಾನ. ಮರುದಿನ ಬೆಳಿಗ್ಗೆ ಅಣ್ಣನ ಕೈಹಿಡಿದು ಮತ್ತೆ ಹಳೆಯ ಸುಳ್ಳಿನ ಮೇಲೆ ಆ ಮಾತು ಹೇಳಬೇಕಲ್ಲ ಎಂಬುದೇ ಅವನನ್ನು ಎಬ್ಬಿಸಿದ್ದು.

— ಒಂದು ಮಾತು ಹೇಳು. ಇದೆಲ್ಲ ನಿಮ್ಮ ಧರ್ಮದ ನಿಯಮವಾದರೆ ನಮ್ಮ ಗಂಗೊಳ್ಳಿಯಲ್ಲಿ ಯಾಕಿಲ್ಲ? ನಾನು ಹುಟ್ಟಿದಾಗಿನಿಂದ ನಿಮ್ಮ ಹಬ್ಬ ಕಾಣುತ್ತಿದ್ದೇನೆ. ನಮಾಜು ಮುಗಿದ ಮೇಲೆ ಅಪ್ಪಿಕೊಳ್ಳುತ್ತೀರಿ, ಈದ್ ಮುಬಾರಕ್ ಅನ್ನುತ್ತೀರಿ, ಶಾವಿಗೆ ಪಾಯಸ ಕಳಿಸುತ್ತೀರಿ. ಯಾರೂ ಕ್ಷಮೆ ಕೇಳಿದ್ದು ಕಂಡಿಲ್ಲ.

— ನಿಯಮ ಒಂದೇ, ರೂಢಿ ಬೇರೆ. ನಿಯಮ ಎಷ್ಟು ಒಂದೇ ಎಂದರೆ, ಗಂಗೊಳ್ಳಿ, ಶಿರೂರಿನ ನಾವು ನವಾಯತರು, ದಕ್ಷಿಣದ ಬ್ಯಾರಿಗಳು, ಕೇರಳದ ಮಾಪಿಳ್ಳೆಗಳು, ಅಲ್ಲಿನ ಮಲಯ್ ಜನ, ಎಲ್ಲರೂ ಶಾಫಿ ಪದ್ಧತಿಯವರು. ಇಮಾಮ್ ನವವಿಯೂ ಅದೇ ಪದ್ಧತಿಯ ದೊಡ್ಡ ವಿದ್ವಾಂಸರು. ಘಟ್ಟದ ಮೇಲಿನ ಉರ್ದು ಮನೆಗಳು ಹೆಚ್ಚಾಗಿ ಹನಫಿ. ಕ್ಲಾಂಗಿನ ಮಸೀದಿಯಲ್ಲಿ ಮೊದಲ ದಿನ ನಮಾಜಿಗೆ ನಿಂತಾಗಲೇ ನಾನು ಗಂಗೊಳ್ಳಿಯಲ್ಲೇ ಇದ್ದೇನೆ ಅನ್ನಿಸಿತು, ಬೆಂಗಳೂರಿನಲ್ಲಿ ಹಾಗೆ ಅನ್ನಿಸಿರಲಿಲ್ಲ.

— ಇದು ಇಬ್ನ್ ಬತೂತನ ಪ್ರವಾಸದಲ್ಲೇ ಇದೆ. 1340ರ ದಶಕದಲ್ಲಿ ಅವನು ಈ ಕರಾವಳಿಯಲ್ಲಿ ಬಂದಾಗ ಹೊನ್ನಾವರದ ಮುಸ್ಲಿಮರು ಶಾಫಿ ಪದ್ಧತಿಯವರು ಎಂದು ಬರೆದಿದ್ದಾನೆ. ಅಲ್ಲಿಂದ ನಮ್ಮ ಬಸ್ರೂರು, ಬಾರ್ಕೂರು ದಾಟಿ ಮಂಗಳೂರಿಗೆ ಹೋದ. ಕೆಲವು ವರ್ಷದ ಮೇಲೆ ಸುಮಾತ್ರಾದ ಸಮುದ್ರ ಎಂಬ ರಾಜ್ಯಕ್ಕೆ ಹೋದಾಗ ಅಲ್ಲಿನ ಸುಲ್ತಾನನೂ ಶಾಫಿ ಎಂದು ಬರೆದ. ಬಸ್ರೂರಿನ ಅಕ್ಕಿ, ಮಂಗಳೂರಿನ ಮೆಣಸು ಹೋದ ಕಡಲಿನಲ್ಲೇ ನಿಮ್ಮ ಶಾಸ್ತ್ರವೂ ಓಡಾಡಿದೆ.

— ಹೌದು ಮಾಷ್ಟ್ರೇ. ಆದರೆ ಕ್ಷಮೆಗೆ ನಮ್ಮವರು ಬೇರೆ ಹೊತ್ತು ಆರಿಸಿಕೊಂಡರು. ಹಜ್ಜಿಗೆ ಹೊರಡುವ ಹೊತ್ತು. ಹಡಗಿನಲ್ಲಿ ಹೋಗುವ ಕಾಲದಲ್ಲಿ ತಿರುಗಿ ಬರುವುದು ಖಂಡಿತವಿರಲಿಲ್ಲ. ಹೊರಡುವ ಮುಂಚೆ ಸಾಲ ತೀರಿಸಬೇಕು, ಅಂಗಡಿಯ ಉದ್ರಿ ಚುಕ್ತಾ ಮಾಡಬೇಕು, ಮನೆಮನೆಗೆ ಹೋಗಿ ಹೇಳಿದ್ದು ಕೇಳಿದ್ದು ಮಾಫ್ ಮಾಡಿಸಿಕೊಳ್ಳಬೇಕು. ಮುಸ್ಲಿಮರ ಮನೆಗೆ ಮಾತ್ರ ಅಲ್ಲ.

— ತಡಿ, ಈಗ ನೆನಪಾಯಿತು. ನಿನ್ನ ಅಜ್ಜ ಹಜ್ಜಿಗೆ ಹೊರಟಾಗ ನಮ್ಮ ಮನೆಗೆ ಬಂದಿದ್ದರು. ನಾನಾಗ ಹೈಸ್ಕೂಲು. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ನಿಮ್ಮ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಬೇಲಿಯ ಬುಡದಲ್ಲಿ ನಮ್ಮದೊಂದು ತೆಂಗಿನ ಮರ ಇತ್ತು, ನಿಮ್ಮ ಕಡೆಗೆ ವಾಲಿದ್ದು. ಅದರ ಕಾಯಿ ನಿಮ್ಮ ಹಿತ್ತಲಿಗೆ ಬಿದ್ದರೆ ನಿಮ್ಮ ಮಕ್ಕಳು ಹೆಕ್ಕುತ್ತಿದ್ದರು. ಅಜ್ಜ ಬಂದು ಅದರ ಮಾತು ತೆಗೆದರು. ಅಪ್ಪಯ್ಯ, ‘ಹೋಯ್ಲಿ ಬಿಡಿ, ನೆರೆಕರೆಯಲ್ಲಿ ಅದೆಂತ ಲೆಕ್ಕ’ ಅಂದರು. ಅಜ್ಜ ಬಿಡಲಿಲ್ಲ. ವರ್ಷಕ್ಕೆ ಇಷ್ಟು ಅಂತ ಹಿಡಿದರೂ ಇನ್ನೂರು ಕಾಯಿ ಆಗುತ್ತದೆ, ದುಡ್ಡು ತಗೊಳ್ಳಿ, ಇಲ್ಲದಿದ್ದರೆ ಇನ್ನೂರು ಕಾಯಿ ಬಿಟ್ಟೆ ಅಂತ ಬಾಯಲ್ಲಿ ಹೇಳಿ ಎಂದು ಪಟ್ಟು ಹಿಡಿದರು.

— ಅಪ್ಪಯ್ಯ ಹೇಳಿದರಾ?

— ಹೇಳಿದರು. ಆದರೆ ಒಳಗಿದ್ದ ಅಮ್ಮನಿಗೆ ಅದು ಸರಿ ಕಾಣಲಿಲ್ಲ. ಇಷ್ಟು ವರ್ಷದ ನೆರೆಯವರು, ಕಾಯಿ ಎಣಿಸಿ ಹೇಳುವುದಾ, ನಾವು ಅಷ್ಟು ಸಣ್ಣವರಾ ಎಂದು ಬಹಳ ದಿನ ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಬಿಡುವವನಿಗೆ ಎಷ್ಟು ಬಿಡುತ್ತೇನೆ ಎಂದು ಗೊತ್ತಿರಬೇಕು ಎಂದು ನೀನು ಈಗ ಹೇಳಿದೆಯಲ್ಲ, ಅಜ್ಜ ಸಂಖ್ಯೆ ಯಾಕೆ ಹೇಳಿದರು ಎಂದು ಈಗ ತಿಳಿಯಿತು. ಅಮ್ಮನಿಗೆ ಇದನ್ನು ಹೇಳಬಹುದಿತ್ತು.

— ಅಜ್ಜ ಓದು ಬರಹ ಹೆಚ್ಚು ಇದ್ದವರಲ್ಲ. ಮಂಜಿಯಲ್ಲಿ ಕೆಲಸ ಮಾಡಿದವರು. ಆದರೆ ಈ ಒಂದು ನಿಯಮ ಅವರಿಗೆ ಗೊತ್ತಿತ್ತು ನೋಡಿ. ಎಷ್ಟು ಎಂದು ಖಚಿತವಿಲ್ಲದಿದ್ದರೆ ಇದಕ್ಕಿಂತ ಹೆಚ್ಚು ಇರಲಾರದು ಎನ್ನುವಂಥ ಒಂದು ಅಂದಾಜು ಹಿಡಿದು, ಅದನ್ನು ಬಿಡಿಸಿಕೊಳ್ಳಬೇಕು. ಹೆಚ್ಚೇ ಹಿಡಿದಿರುತ್ತಾರೆ.

— ಕಾಯಿಯನ್ನು ಎಣಿಸಬಹುದು. ಆಡಿದ ಮಾತನ್ನು? ಒಬ್ಬನ ಬೆನ್ನ ಹಿಂದೆ ಅವನ ಬಗ್ಗೆ ಏನೋ ಆಡಿದೆ. ಅವನಿಗೆ ಗೊತ್ತಿಲ್ಲ. ಹೋಗಿ ನಿನ್ನ ಬಗ್ಗೆ ಹೀಗೆ ಹೀಗೆ ಆಡಿದೆ, ಕ್ಷಮಿಸು ಎಂದರೆ, ಇಲ್ಲದ ನೋವನ್ನು ನಾನೇ ತಂದುಕೊಟ್ಟ ಹಾಗಾಗುವುದಿಲ್ಲವಾ?

— ಇದರ ಮೇಲೆ ಶಾಫಿ ವಿದ್ವಾಂಸರಲ್ಲೇ ಎರಡು ಮಾತಿದೆ. ಏನು ಆಡಿದೆ ಎಂದು ಬಿಡಿಸಿ ಹೇಳಬೇಕು, ಯಾಕೆಂದರೆ ಮನುಷ್ಯ ಒಂದು ಮಾತನ್ನು ಕ್ಷಮಿಸಬಹುದು, ಇನ್ನೊಂದನ್ನು ಕ್ಷಮಿಸದೆ ಇರಬಹುದು ಎಂಬುದು ಒಂದು. ಮಾತಿನ ತಪ್ಪನ್ನು ಜನ ಸುಲಭವಾಗಿ ಬಿಡುತ್ತಾರೆ, ದುಡ್ಡಿನ ಹಾಗಲ್ಲ, ಬಿಡಿಸಿ ಹೇಳಬೇಕಾಗಿಲ್ಲ ಎಂಬುದು ಇನ್ನೊಂದು. ನವವಿ ಮೊದಲನೆಯದರ ಕಡೆ. ಮಲಯ್ ಹಬ್ಬದ ಮಾತು ಎರಡನೆಯದರ ಮೇಲೆ ನಿಂತಿದೆ. ಯಾರ ಬಗ್ಗೆ ಆಡಿದೆವೋ ಅವನು ಸತ್ತೇ ಹೋಗಿದ್ದರೆ ಅವನಿಗಾಗಿ ಪ್ರಾರ್ಥನೆ ಮಾಡುತ್ತಿರಬೇಕು, ಬೇರೆ ದಾರಿಯಿಲ್ಲ.

— ನೀನು ಯಾವ ಕಡೆ?

— ನಾನು ಎರಡನೆಯದರ ಕಡೆ. ಆದರೆ ಒಂದು ಸೇರಿಸುತ್ತೇನೆ. ಯಾರ ಮುಂದೆ ಆಡಿದೆನೋ ಅವರ ಮುಂದೆಯೇ ಹೋಗಿ, ನಾನು ಆಡಿದ್ದು ತಪ್ಪು ಎಂದು ಹೇಳಬೇಕು. ಹೋದ ಮಾನ ಹೋದ ಜಾಗದಲ್ಲೇ ಮರಳಬೇಕು.

— ಅದು ಕಷ್ಟದ ಕೆಲಸ. ಕೈಮುಗಿದು ಕ್ಷಮಿಸಿ ಅನ್ನುವುದಕ್ಕಿಂತ ಬಹಳ ಕಷ್ಟ. ಇದನ್ನು ಕೇಳುವಾಗ ಬ್ರಹ್ಮಾವರ ನೆನಪಾಗುತ್ತದೆ. ಅಲ್ಲಿ ನಾನು ಕೆಲಸದಲ್ಲಿದ್ದಾಗ ಜೊತೆಗಿದ್ದ ಒಬ್ಬರು ಆರ್ಥಡಾಕ್ಸ್ ಸಿರಿಯನ್ ಇಗರ್ಜಿಯವರು, ಮನೆಮಾತು ಕೊಂಕಣಿ. ಗೋವಾದ ಅಲ್ವಾರಿಸ್ 1889ರಲ್ಲಿ ರೋಮನ್ನು ಬಿಟ್ಟು ಸಿರಿಯನ್ ಪರಂಪರೆಯಲ್ಲಿ ಬಿಷಪ್ ಆದಾಗ, ಬ್ರಹ್ಮಾವರದಲ್ಲಿ ಫಾದರ್ ನೊರೊನ್ಹಾ ಅವರ ಜೊತೆ ನಿಂತವರ ಕುಟುಂಬ. ಅವರ ಪರಂಪರೆಯಲ್ಲಿ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಸೋಮವಾರ ‘ಶುಬ್ಕೋನೋ’ ಎಂಬ ಪೂಜೆ ಇದೆ. ಮಂಡಿಯೂರಿ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಜನರಲ್ಲಿ ಕ್ಷಮೆ ಕೇಳುತ್ತಾರೆ, ಜನ ಪಾದ್ರಿಯಲ್ಲಿ, ಆಮೇಲೆ ಒಬ್ಬರು ಇನ್ನೊಬ್ಬರಲ್ಲಿ.

— ಪಾದ್ರಿಯೇ ಕೇಳುತ್ತಾರಾ! ಅಲ್ಲಿನ ತಾಯಿಯ ಹಾಗೆ. ಆದರೆ ಉಪವಾಸ ಶುರುವಾಗುವ ಮುಂಚೆ.

— ಅದನ್ನೇ ನಾನು ಹೇಳಬೇಕೆಂದಿದ್ದೆ. ಅವರದು ಮೊದಲು ಮನುಷ್ಯರ ಲೆಕ್ಕ, ಆಮೇಲೆ ಉಪವಾಸ. ಜಗಳ ಇಟ್ಟುಕೊಂಡು ಹೊಟ್ಟೆ ಕಟ್ಟಿ ಏನು ಪ್ರಯೋಜನ ಎಂದು. ನನಗೆ ಅದೇ ಹೆಚ್ಚು ಸರಿ ಕಾಣುತ್ತದೆ ಮಾರಾಯ.

— ನನಗೆ ಕೊನೆಯಲ್ಲಿ ಕೇಳುವುದೇ ಸರಿ ಕಾಣುತ್ತದೆ. ಆ ತಮ್ಮ ಉಪವಾಸದ ಮೊದಲ ದಿನ ಬರುತ್ತಿರಲಿಲ್ಲ. ಒಂದು ತಿಂಗಳು ಹಸಿದು, ದಿನಾ ರಾತ್ರಿ ಪ್ರವಚನ ಕೇಳಿ, ಆಮೇಲೆ ಬಂದ. ಗಟ್ಟಿಯಾಗಿ ಕೂತದ್ದು ಸಡಿಲವಾಗಲು ಅಷ್ಟು ದಿನ ಬೇಕಾಯಿತು.

— ಅವನ ಮಟ್ಟಿಗೆ ಒಪ್ಪುತ್ತೇನೆ. ಒಂದು ಕಡೆಯದು. ಕೇಳಿದವನಿಗೆ ಕ್ಷಮಿಸಲೇಬೇಕು ಎಂದಿದೆಯಾ? ಮನೆಮಂದಿಯೆಲ್ಲ ನೋಡುತ್ತಿರುವಾಗ ಒಬ್ಬ ಕಾಲ ಬುಡದಲ್ಲಿ ಕೂತು ಕೇಳಿದರೆ, ಇಲ್ಲ ಎನ್ನುವುದು ಹೇಗೆ? ಅದು ಒತ್ತಾಯವೇ ಆಯಿತಲ್ಲ.

— ಆ ಪದ್ಧತಿಯಲ್ಲಿ ನನಗೆ ಹಿಡಿಸದ್ದು ಅದೊಂದೇ. ಶಾಸ್ತ್ರದಲ್ಲಿ ಕ್ಷಮಿಸುವುದು ಪುಣ್ಯ, ಆದರೆ ಹಕ್ಕು ಇರುವವನ ಮೇಲೆ ಬಲವಂತ ಇಲ್ಲ. ಮನೆಯಲ್ಲಿ ಮಾತ್ರ ಬಲವಂತ ಇದ್ದೇ ಇರುತ್ತದೆ, ಅದರಲ್ಲೂ ಸೊಸೆಯರಿಗೆ, ಕಿರಿಯರಿಗೆ. ನಿಜವಾಗಿ ನೊಂದವರು ಕೈ ಕೊಡುತ್ತಾರೆ, ಬಾಯಲ್ಲಿ ಉತ್ತರ ಹೇಳುವುದಿಲ್ಲ. ಗೊತ್ತಿದ್ದವರಿಗೆ ಅದು ತಕ್ಷಣ ತಿಳಿಯುತ್ತದೆ. ಆಗ ಕೇಳಿದವನು ಅಲ್ಲೇ ಪೀಡಿಸಬಾರದು. ಹಬ್ಬದ ಭೇಟಿ ಅಲ್ಲಿ ಒಂದು ದಿನಕ್ಕೆ ಮುಗಿಯುವುದಿಲ್ಲ ಮಾಷ್ಟ್ರೇ, ಶವ್ವಾಲ್ ತಿಂಗಳು ಪೂರ್ತಿ ಒಬ್ಬರ ಮನೆಗೆ ಒಬ್ಬರು ಹೋಗುತ್ತಲೇ ಇರುತ್ತಾರೆ. ಹತ್ತು ಹದಿನೈದು ದಿನ ಕಳೆದು, ಜನ ಕಡಿಮೆಯಾದ ಮೇಲೆ, ಒಬ್ಬನೇ ಹೋಗಿ, ಈ ಸಲ ಯಾವ ತಪ್ಪು ಎಂದು ಹೆಸರು ಹಿಡಿದು ಕೇಳಬಹುದು.

— ಆಗಲೂ ಒಪ್ಪದಿದ್ದರೆ?

— ಕೊಡಬೇಕಾದದ್ದು ಇದ್ದರೆ ಕೊಟ್ಟು ಬರಬೇಕು. ಅದಕ್ಕೆ ಅವರ ಒಪ್ಪಿಗೆ ಬೇಕಾಗಿಲ್ಲ.